ಐದು ಗಂಟೆ ಸರಿ, ಯಾವ ಊರಿನ ಐದು?

ಡಬ್ಲಿನ್‌ನಲ್ಲಿದ್ದುಕೊಂಡು ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವ ನನ್ನಂಥವರಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಐಎಸ್‌ಟಿ ಎಂಬ ಸಂಕ್ಷೇಪ. ಬೆಂಗಳೂರಿನವರಿಗೆ ಅದು ಭಾರತೀಯ ಕಾಲಮಾನ, ಇಲ್ಲಿಯವರಿಗೆ ಐರಿಷ್ ಕಾಲಮಾನ. ಐರ್ಲೆಂಡಿನ 1968ರ ಕಾಯಿದೆಯ ಪ್ರಕಾರ ಬೇಸಿಗೆಯ ಸಮಯವೇ ಇಲ್ಲಿ ಸ್ಟ್ಯಾಂಡರ್ಡ್. 1971ರ ತಿದ್ದುಪಡಿಯ ನಂತರ ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿದು ಗ್ರೀನಿಚ್ ಸಮಯಕ್ಕೆ ಬರುತ್ತದೆ. ಹಾಗಾಗಿ ನವೆಂಬರಿನಲ್ಲಿ ಜೊತೆಗೂಡಿದ ತಂಡಗಳಿಗೆ ಈ ಗೊಂದಲದ ಸುಳಿವೇ ಇರುವುದಿಲ್ಲ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಮುಂದೆ ಹೋದ ಮೇಲೆಯೇ ಅದು ತಲೆಯೆತ್ತುವುದು.

ಒಂದು ಮಾದರಿ ಸಂದೇಶವನ್ನು ತೆಗೆದುಕೊಳ್ಳೋಣ. ಏಪ್ರಿಲ್ ತಿಂಗಳ ಬುಧವಾರದಂದು ಬೆಂಗಳೂರಿನ ಮ್ಯಾನೇಜರ್ ಡಬ್ಲಿನ್ ತಂಡಕ್ಕೆ ಹೀಗೆ ಬರೆಯುತ್ತಾರೆ: ‘ನಾಳೆ ಸಂಜೆ 5 ಐಎಸ್‌ಟಿ ಒಳಗೆ ಫೈಲ್ ನೋಡಿಬಿಡಿ. ಅವರು ಒಪ್ಪಿದ ಮೇಲೆ ರಾತ್ರಿಯೇ ಅದನ್ನು ಹಾಕಿಬಿಡೋಣ.’

ಬರೆದವರ ಲೆಕ್ಕದಲ್ಲಿ ಆ ಗಡುವು ಡಬ್ಲಿನ್ನಿನ ಮಧ್ಯಾಹ್ನ ಹನ್ನೆರಡೂವರೆಗೇ ಮುಗಿಯುತ್ತದೆ. ಓದಿದವರು ಅದನ್ನು ತಮ್ಮ ಊರಿನ ಐದು ಗಂಟೆ ಎಂದುಕೊಂಡರೆ, ಅವರ ಉತ್ತರ ಬರುವ ಹೊತ್ತಿಗೆ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಯಾಗಿರುತ್ತದೆ. ನಾಲ್ಕೂವರೆ ಗಂಟೆಯ ಈ ಅಂತರದಲ್ಲಿ ಯಾರಿಗೂ ತಪ್ಪು ಗೊತ್ತಾಗುವುದಿಲ್ಲ, ಏಕೆಂದರೆ ಎರಡೂ ಕಡೆಯವರು ಗಡುವಿಗೆ ಸರಿಯಾಗಿಯೇ ನಡೆದುಕೊಂಡಿದ್ದೇವೆ ಎಂದು ನಂಬಿರುತ್ತಾರೆ. ‘ನಾಳೆ’ ಇನ್ನೊಂದು ತೊಡಕು: ಬುಧವಾರ ತಡವಾಗಿ ಬಂದ ಸಂದೇಶವನ್ನು ಗುರುವಾರ ಬೆಳಿಗ್ಗೆ ತೆರೆದವರಿಗೆ ಅದು ಶುಕ್ರವಾರವಾಗಿಬಿಡಬಹುದು.

ಸಮಯದ ತಪ್ಪಿಗಿಂತ ಸರ್ವನಾಮದ ತಪ್ಪು ಸೂಕ್ಷ್ಮವಾದದ್ದು. ‘ಅವರು’ ಎಂದರೆ ಫೈಲ್ ಪರಿಶೀಲಿಸುವ ಡಬ್ಲಿನ್ನಿನವರೋ, ಗ್ರಾಹಕರೋ? ‘ಅದನ್ನು’ ಎಂದರೆ ಇಡೀ ಫೈಲೋ, ಒಪ್ಪಿಗೆಯಾದ ಬದಲಾವಣೆ ಮಾತ್ರವೋ? ‘ಹಾಕಿಬಿಡೋಣ’ ಎಂಬ ಕ್ರಿಯಾಪದದಲ್ಲಿ ಎಲ್ಲರೂ ಇದ್ದಾರೆ, ಆದರೆ ಕೈಯಾರೆ ಹಾಕುವವರು ಯಾರೆಂಬುದು ಮಾತ್ರ ಇಲ್ಲ. ಅದನ್ನು ಬೆಂಗಳೂರಿನವರು ಮಾಡುತ್ತಾರೆಂದು ಡಬ್ಲಿನ್, ಡಬ್ಲಿನ್ನಿನವರು ಮಾಡುತ್ತಾರೆಂದು ಬೆಂಗಳೂರು ಕಾಯುತ್ತಾ ಕೂರುವುದಕ್ಕೆ ಇಷ್ಟು ಸಾಕು.

ಬೆಂಗಳೂರಿನ ರೀತಿಯನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಅಲ್ಲಿ ಬರಹ ಅರ್ಧಂಬರ್ಧವಾಗಿದ್ದರೂ ಪಕ್ಕದ ಟೇಬಲ್ಲಿನವರನ್ನು ಕೇಳಿಯೋ, ಒಂದು ಫೋನ್ ಮಾಡಿಯೋ ಉಳಿದರ್ಧವನ್ನು ತುಂಬಿಕೊಳ್ಳುತ್ತಾರೆ, ಕೆಲಸವೂ ಬೇಗ ಆಗುತ್ತದೆ. ಆದರೆ ಕೇಳಬೇಕಾದವರು ಮಲಗಿರುವಾಗ ಆ ದಾರಿ ಮುಚ್ಚಿರುತ್ತದೆ. ಇಲ್ಲಿಯವರೂ ಈ ವಿಷಯದಲ್ಲಿ ಶುದ್ಧರಲ್ಲ. ‘ಬಿಡುವಾದಾಗ ಒಮ್ಮೆ ಕಣ್ಣಾಡಿಸುತ್ತೀರಾ’ ಎಂದು ಬರೆಯುವ ಅವರ ಸೌಜನ್ಯದ ಹಿಂದೆ ನಿಜವಾದ ಗಡುವೊಂದು ಅಡಗಿರಬಹುದು. ಮಾತಿನಲ್ಲಿ ‘ಹಾಫ್ ಫೈವ್’ ಎಂದರೆ ಇವರಿಗೆ ಐದೂವರೆ. ಅದೇ ಮಾತನ್ನು ತನ್ನ ಭಾಷೆಯ ರೂಢಿಯಲ್ಲಿ ಕೇಳಿಸಿಕೊಳ್ಳುವ ಜರ್ಮನ್ ಸಹೋದ್ಯೋಗಿ ನಾಲ್ಕೂವರೆಗೇ ಬಂದು ಕೂರುತ್ತಾನೆ. ಆದ್ದರಿಂದ ಸಂಸ್ಕೃತಿಯನ್ನು ದೂರುವುದಕ್ಕಿಂತ, ಕಳುಹಿಸುವ ಮುನ್ನ ಸಂದೇಶವನ್ನು ಮರುದಿನ ಬೆಳಿಗ್ಗೆ, ಬೇರೆ ಊರಿನಲ್ಲಿ, ಹಿಂದಿನ ಮಾತುಕತೆ ಗೊತ್ತಿಲ್ಲದವರೊಬ್ಬರು ತೆರೆದಂತೆ ಓದಿ ನೋಡುವುದು ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಹಾಗೆ ಓದಿದಾಗ ‘ಇವತ್ತು’, ‘ರಾತ್ರಿ’, ‘ಅವರು’, ‘ಅದು’ ತಾವಾಗಿಯೇ ಕಣ್ಣಿಗೆ ಚುಚ್ಚುತ್ತವೆ.

ಮೇಲಿನ ಸಂದೇಶವನ್ನು ಹೀಗೆ ತಿದ್ದಬಹುದು: ‘16 ಏಪ್ರಿಲ್ 2026, ಗುರುವಾರ, ಬೆಂಗಳೂರು ಸಮಯ 17:00ರ (ಡಬ್ಲಿನ್ 12:30) ಒಳಗೆ ಡಬ್ಲಿನ್ ತಂಡ ಬೆಲೆಪಟ್ಟಿಯ ಫೈಲನ್ನು ಪರಿಶೀಲಿಸಿ ಒಪ್ಪಿಗೆ ತಿಳಿಸಬೇಕು. ಒಪ್ಪಿಗೆ ಸಿಕ್ಕರೆ ಬೆಂಗಳೂರು ತಂಡ ಅದೇ ದಿನ ಬೆಂಗಳೂರು ಸಮಯ 22:00ಕ್ಕೆ ಇಡೀ ಫೈಲನ್ನು ಸರ್ವರ್‌ಗೆ ಹಾಕುತ್ತದೆ. ಸಿಗದಿದ್ದರೆ ಶುಕ್ರವಾರಕ್ಕೆ ಮುಂದೂಡುತ್ತದೆ.’ ಉದ್ದವಾಯಿತು, ನಿಜ. ಊಟಕ್ಕೆ ಹೋಗೋಣವೇ ಎಂದು ಕೇಳುವುದಕ್ಕೆ ಇಷ್ಟೆಲ್ಲ ಬೇಡ; ಗಡುವು ಇರುವ, ಅಥವಾ ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ದಾಟುವ ಸಂದೇಶಗಳಿಗೆ ಮಾತ್ರ ಈ ಶ್ರಮ ಸಾಕು.

ಇಷ್ಟಾದರೂ ವಾರವಾರದ ಸಭೆಗಳಿಗೆ ಈ ಪರಿಹಾರ ನೇರವಾಗಿ ಒದಗುವುದಿಲ್ಲ. ಭಾರತದ ಗಡಿಯಾರ ವರ್ಷವಿಡೀ ಒಂದೇ. ಡಬ್ಲಿನ್ನಿನದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಬದಲಾಗುತ್ತದೆ. ಕ್ಯಾಲೆಂಡರಿನಲ್ಲಿ ಡಬ್ಲಿನ್ ಸಮಯಕ್ಕೆ ಕಟ್ಟಿದ ಬೆಳಿಗ್ಗೆ 10ರ ಸಭೆ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 2:30ಕ್ಕೆ, ಚಳಿಗಾಲದಲ್ಲಿ 3:30ಕ್ಕೆ ಬರುತ್ತದೆ. ಅದಕ್ಕಾಗಿ ಸಭೆಯ ಆಹ್ವಾನದಲ್ಲಿ ಯಾವ ಊರಿನ ಗಡಿಯಾರ ಸ್ಥಿರ ಎಂಬುದನ್ನು ಮೊದಲೇ ಬರೆದಿಡಬೇಕು. ಅದು ಪ್ರತಿಸಲವೂ ಡಬ್ಲಿನ್ನಿನದೇ ಆಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಸಂಜೆ ಮಕ್ಕಳನ್ನು ಶಾಲೆಯಿಂದ ಕರೆತರುವವರು ಬೆಂಗಳೂರಿನಲ್ಲೂ ಇದ್ದಾರೆ.