ದೂರದ ಬೆಟ್ಟ ನುಣ್ಣಗಾಗದಿದ್ದಾಗ

ಮೈನ್‌ಕ್ರಾಫ್ಟ್ ಆಟವನ್ನು ನನಗೆ ಹಚ್ಚಿದವನು ನನ್ನ ಅಕ್ಕನ ಮಗ. ಅವನು ಅದರಲ್ಲಿ ಕೋಟೆಗಳನ್ನೂ ರೈಲುಹಳಿಗಳನ್ನೂ ಕಟ್ಟುತ್ತಿದ್ದರೆ, ನಾನು ಬೆಟ್ಟದ ಎದುರು ಒಂದು ಮನೆ ಕಟ್ಟಿಕೊಂಡು, ಕಿಟಕಿಯ ಬಳಿ ನಿಂತು, ಸೂರ್ಯ ಮುಳುಗುವುದನ್ನು ನೋಡುತ್ತಾ ನಿವೃತ್ತ ಜೀವನ ನಡೆಸುತ್ತಿದ್ದೆ. ಅಷ್ಟಕ್ಕೇ ತೃಪ್ತನಾಗಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಒಂದು ಶನಿವಾರ ಸಂಜೆ ನನ್ನ ಮನೆಯ ಗೋಡೆಯನ್ನು ಹತ್ತಿರದಿಂದ ದಿಟ್ಟಿಸಿದಾಗ, ಪ್ರತಿ ಕಲ್ಲಿನ ಮುಖವೂ ಅಡ್ಡ 16, ಉದ್ದ 16 ಚುಕ್ಕಿಗಳ ಒರಟು ಚಿತ್ರವಷ್ಟೇ ಎಂಬುದು ಕಣ್ಣಿಗೆ ಕಟ್ಟಿತು. ಒಮ್ಮೆ ಕಂಡ ಮೇಲೆ ಕಾಣದಂತೆ ಇರುವುದು ಸಾಧ್ಯವಾಗಲಿಲ್ಲ.

ಆದ್ದರಿಂದ ಮುಖವೊಂದಕ್ಕೆ 64 ಗುಣಿಸು 64 ಪಿಕ್ಸೆಲ್ ಇರುವ, ಆಟದ ಮೂಲ ಚಿತ್ರಗಳ ಬದಲು ತನ್ನವನ್ನು ತೊಡಿಸುವ ಟೆಕ್ಸ್ಚರ್ ಪ್ಯಾಕ್ ಒಂದನ್ನು ಹುಡುಕಿ ಇಳಿಸಿಕೊಂಡೆ. ಆಟದ `resourcepacks` ಫೋಲ್ಡರಿಗೆ ಅದನ್ನು ಹಾಕಿ, ಆಯ್ಕೆಗಳ ಪಟ್ಟಿಯಲ್ಲಿ ಹುಡುಕಿದರೆ ಅದರ ಸುಳಿವೇ ಇಲ್ಲ. ಮೂರು ಸಲ ಇಳಿಸಿಕೊಂಡೆ, ಎರಡು ಸಲ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಕೊನೆಗೆ ತಿಳಿದದ್ದೇನೆಂದರೆ, ನಾನು ಜಿಪ್ ಕಡತವನ್ನು ಬಿಚ್ಚಿದಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರು ಹುಟ್ಟಿಕೊಂಡಿತ್ತು. ಆಟವು ಹೊರಗಿನ ಫೋಲ್ಡರಿನ ಬಾಗಿಲಲ್ಲೇ `pack.mcmeta` ಎಂಬ ಪುಟ್ಟ ಕಡತವನ್ನು ಹುಡುಕುತ್ತದೆ. ಅದು ಅಲ್ಲಿ ಕಾಣದಿದ್ದರೆ ಒಳಕೋಣೆಗೆ ಇಣುಕುವ ಕುತೂಹಲವೇನೂ ಅದಕ್ಕಿಲ್ಲ. ಒಳಗಿನ ಫೋಲ್ಡರನ್ನು ಹೊರಗೆಳೆದ ಮೇಲೆ ಪ್ಯಾಕ್ ಪಟ್ಟಿಯಲ್ಲಿ ಕಾಣಿಸಿತು, ಆದರೆ ಇದು ಹಳೆಯ ಆವೃತ್ತಿಗೆ ಮಾಡಿದ್ದು ಎಂಬ ಕೆಂಪು ಎಚ್ಚರಿಕೆಯೊಂದಿಗೆ. ಅದು 1.16ರ ಕಾಲದ ಪ್ಯಾಕ್, ನನ್ನ ಆಟ 1.21.1. ಎಚ್ಚರಿಕೆಗಳನ್ನು ಓದದೆ ಒಪ್ಪಿಕೊಳ್ಳುವುದರಲ್ಲಿ ನನಗೆ ದೀರ್ಘ ಅನುಭವವಿರುವುದರಿಂದ ಕೂಡಲೇ ಒಪ್ಪಿಕೊಂಡೆ.

ಗೋಡೆಗಳು ಬೆಳಗಿದವು. ಮರದ ಹಲಗೆಯಲ್ಲಿ ಗೆರೆಗಳು ಮೂಡಿದವು, ಕಲ್ಲಿನಲ್ಲಿ ಬಿರುಕುಗಳು ಕಂಡವು. ನೆಲ ಮಾತ್ರ ಹಾಗೆಯೇ ಉಳಿಯಿತು. ನಾನು ನೆಲಕ್ಕೆ ಹಾಸಿದ್ದು ಡೀಪ್‌ಸ್ಲೇಟ್ ಎಂಬ ಕಲ್ಲಿನ ಇಟ್ಟಿಗೆಯನ್ನು. ಡೀಪ್‌ಸ್ಲೇಟ್ ಆಟಕ್ಕೆ ಸೇರಿದ್ದು 2021ರಲ್ಲಿ, 1.17ರೊಂದಿಗೆ, ಅದಕ್ಕಿಂತ ಮೊದಲೇ ಮುಗಿದ ಪ್ಯಾಕಿನಲ್ಲಿ ಅದರ ಚಿತ್ರ ಇರುವುದಾದರೂ ಹೇಗೆ? ಪ್ಯಾಕಿನಲ್ಲಿ ಸಿಗದ ಚಿತ್ರಕ್ಕೆ ಆಟವು ತನ್ನ ಮೂಲ ಚಿತ್ರವನ್ನೇ ತೊಡಿಸುತ್ತದೆ. ಹೀಗಾಗಿ ಗೋಡೆಗೆ ಹೊಸ ರೇಷ್ಮೆ, ನೆಲಕ್ಕೆ ಹಳೆಯ ಗೋಣಿತಟ್ಟು ಎಂಬಂತಾಯಿತು.

ತನ್ನಷ್ಟಕ್ಕೆ ಇಂತಹ ಬೆರಕೆ ದೋಷವೇ ಅಲ್ಲ. 16ರ ಚಿತ್ರವೂ 64ರ ಚಿತ್ರವೂ ಒಂದೇ ಆಟದಲ್ಲಿ ಜಗಳವಿಲ್ಲದೆ ಬಾಳಬಲ್ಲವು. ನೋಡುವವರಿಗೆ ಮಾತ್ರ ಕಿರಿಕಿರಿ. ಮೂಲ ಚಿತ್ರವನ್ನೇ 64ಕ್ಕೆ ಹಿಗ್ಗಿಸಿದರೆ ಸಾಕೆಂದು ಮೊದಲು ಅದನ್ನು ಮಾಡಿ ನೋಡಿದೆ. ಚಿತ್ರ ತಿದ್ದುವ ತಂತ್ರಾಂಶವು ಅಂಚುಗಳನ್ನು ನಯಗೊಳಿಸುತ್ತಾ ಹಿಗ್ಗಿಸಿದಾಗ ಇಟ್ಟಿಗೆಯು ಮಳೆಯಲ್ಲಿ ನೆನೆದ ರಟ್ಟಿನಂತಾಯಿತು. ನಯಗೊಳಿಸುವುದನ್ನು ನಿಲ್ಲಿಸಿ ಹಿಗ್ಗಿಸಿದಾಗ ಹಳೆಯ ಒಂದೊಂದು ಚುಕ್ಕಿಯೂ ನಾಲ್ಕು ಗುಣಿಸು ನಾಲ್ಕರ ಚೌಕವಾಗಿ, ಅರ್ಧ ಗಂಟೆಯ ದುಡಿಮೆಯ ಫಲವಾಗಿ ನೆಲವು ಮೊದಲಿದ್ದಂತೆಯೇ ಕಂಡಿತು.

ಆಗ ನನ್ನೊಳಗಿನ ಕಲಾವಿದ ಎಚ್ಚೆತ್ತ. ಫೋನಿನಿಂದ ಕಲ್ಲುಹಾಸೊಂದರ ಫೋಟೋ ತೆಗೆದು, ಅದರಿಂದ ಒಂದು ಚೌಕವನ್ನು ಕತ್ತರಿಸಿದೆ. ಅಳತೆ ಎಷ್ಟಿರಬೇಕು? 64 ಎಂಬುದು ನನಗೆ ಅರ್ಧಂಬರ್ಧ ಸಂಖ್ಯೆಯಾಗಿ ತೋರಿತು. 100 ದುಂಡಗಿದೆ, ಹೆಚ್ಚೂ ಇದೆ, ಹೆಚ್ಚಿದ್ದರೆ ಒಳ್ಳೆಯದೇ ತಾನೇ ಎಂದುಕೊಂಡು 100 ಗುಣಿಸು 100 ಇಟ್ಟೆ. ಬೇರೊಂದು ಫೋಲ್ಡರು ಮಾಡಿ, ಅದರ ಬಾಗಿಲಿಗೆ `pack.mcmeta` ಎಂಬ ಈ ನಾಮಫಲಕ ತೂಗುಹಾಕಿದೆ:

```
{
  "pack": {
    "pack_format": 34,
    "description": "nela"
  }
}
```

34 ಎಂಬುದು ನನ್ನ ಆವೃತ್ತಿ ಕೇಳುವ ಸಂಖ್ಯೆ. ಚಿತ್ರವನ್ನು `assets/minecraft/textures/block/deepslate_bricks.png` ಎಂಬ ಹಾದಿಯಲ್ಲಿಟ್ಟು, ಪಟ್ಟಿಯಲ್ಲಿ ನನ್ನ ಪ್ಯಾಕನ್ನು ಎಲ್ಲಕ್ಕಿಂತ ಮೇಲಕ್ಕೇರಿಸಿದೆ. ಮೇಲಿದ್ದವರ ಮಾತೇ ನಡೆಯುವುದು ಇಲ್ಲಿಯೂ ಉಂಟು. F3 ಮತ್ತು T ಒಟ್ಟಿಗೆ ಒತ್ತಿದೊಡನೆ ಚಿತ್ರಗಳೆಲ್ಲ ಹೊಸದಾಗಿ ತುಂಬಿಕೊಂಡು ನೆಲವು ನಿಜವಾದ ಕಲ್ಲಾಯಿತು. ಹೆಮ್ಮೆಯಿಂದ ಕಿಟಕಿಯ ಬಳಿ ಹೋಗಿ ನಿಂತರೆ, ಎದುರಿನ ಬೆಟ್ಟ ಯಾಕೋ ಸ್ವಲ್ಪ ಜುಮ್ಮೆನ್ನುತ್ತಿದ್ದಂತೆ ಅನಿಸಿತು. ಕಣ್ಣಿನ ಆಯಾಸವೆಂದು ಮಲಗಿದೆ.

ಮರುದಿನ ನೆಲವನ್ನು ಪರೀಕ್ಷಿಸುವಾಗ ಪ್ರತಿ ಕಲ್ಲಿನ ಬಲಗಡೆ ಮತ್ತು ಕೆಳಗಡೆ ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ಕತ್ತರಿಸುವಾಗ ಒಂದು ಸಾಲು ಹೆಚ್ಚಾಗಿ ಸೇರಿಕೊಂಡಿದೆ ಎಂದು ತಿಳಿದು, ಎರಡೂ ಕಡೆ ಒಂದೊಂದು ಪಿಕ್ಸೆಲ್ ಕೆತ್ತಿ ಹಾಕಿದೆ. ಗೆರೆ ಹೋಯಿತು. ಚಿತ್ರದ ಅಳತೆ ಈಗ 99 ಗುಣಿಸು 99. ತೊಂಬತ್ತೊಂಬತ್ತೇ ಇರಲಿ, ನೂರೇ ಇರಲಿ, ಒಂದು ಪಿಕ್ಸೆಲ್ಲಿನಿಂದ ಯಾರ ಗಂಟೇನು ಹೋಗುತ್ತದೆ?

ಕಿಟಕಿಯಿಂದ ಹೊರಗೆ ನೋಡಿದೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನನ್ನ ಬೆಟ್ಟ ಕುದಿಯುತ್ತಿತ್ತು. ನಾನು ಒಂದು ಹೆಜ್ಜೆ ಇಟ್ಟರೆ ಸಾಕು, ಇಳಿಜಾರಿನ ಹುಲ್ಲು, ಮರಳು, ಬಂಡೆ ಎಲ್ಲವೂ ಕಾವಲಿಯ ಮೇಲೆ ಬಿದ್ದ ಸಾಸಿವೆಯಂತೆ ಚಟಪಟಿಸುತ್ತಿದ್ದವು. ನಿಂತರೆ ತಾವೂ ನಿಲ್ಲುತ್ತಿದ್ದವು. ಹತ್ತಿರ ಹೋದರೆ ಅದೇ ಹುಲ್ಲು ಏನೂ ಅರಿಯದ ಮಗುವಿನಂತೆ ತೆಪ್ಪಗಿರುತ್ತಿತ್ತು.

ಮುಂದಿನ ನಾಲ್ಕು ದಿನಗಳಲ್ಲಿ ನಾನು ಮಾಡಿದ್ದನ್ನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಅಡಗಿಸಬಹುದು. ಪರದೆಯನ್ನು ಒರೆಸಿದೆ, ಕೇಬಲ್ ಬದಲಿಸಿದೆ, ಗ್ರಾಫಿಕ್ಸ್ ಡ್ರೈವರನ್ನು ಕಿತ್ತು ಮತ್ತೆ ಹಾಕಿದೆ. ಕನ್ನಡಕವನ್ನು ಪರೀಕ್ಷೆ ಮಾಡಿಸಲು ಹೋಗಿ, ಹತ್ತಿರದ್ದು ಸರಿ ಕಾಣುತ್ತದೆ, ದೂರದ ಬೆಟ್ಟ ಮಾತ್ರ ನಡೆಯುವಾಗ ಕುದಿಯುತ್ತದೆ ಎಂದು ವಿವರಿಸಿದಾಗ, ಪರೀಕ್ಷಿಸುತ್ತಿದ್ದವರು ದೀಪವನ್ನು ಹಿಡಿದ ಕೈ ಕೆಳಗಿಳಿಸಿ, ಯಾವ ಬೆಟ್ಟ ಎಂದು ಮೆಲ್ಲಗೆ ಕೇಳಿದರು. ಆಟದೊಳಗಿನ ಮಿಪ್‌ಮ್ಯಾಪ್ ಎಂಬ ಆಯ್ಕೆಯನ್ನೂ ನೋಡಿದ್ದೆ. ಅದು ತನ್ನ ಗರಿಷ್ಠವಾದ 4ರಲ್ಲೇ ಇತ್ತು. ಆದ್ದರಿಂದ ಅದು ನಿರಪರಾಧಿ ಎಂದು ತೀರ್ಮಾನಿಸಿದೆ. ನಾನು ಎಡವಿದ್ದು ಇಲ್ಲೇ: ಪಟ್ಟಿಯಲ್ಲಿ 4 ಎಂದಿದ್ದ ಮಾತ್ರಕ್ಕೆ ಆಟ 4ನ್ನು ಪಾಲಿಸುತ್ತಿದೆ ಎಂದೇನಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಬೆಟ್ಟವನ್ನು ಎರಡು ಕ್ಷಣ ನೋಡಿ, "ಮಾಮ, ಲಾಗ್ ನೋಡಿದ್ರಾ?" ಎಂದ. ಆಟದ `logs` ಫೋಲ್ಡರಿನಲ್ಲಿ, ಆಟವು ತಾನು ಮಾಡಿದ್ದನ್ನೆಲ್ಲ ಬರೆದಿಡುವ `latest.log` ಎಂಬ ಕಡತವಿದೆ. ನೂರಾರು ಸಾಲುಗಳ ಆ ಕಡತದಲ್ಲಿ `mip` ಎಂದು ಹುಡುಕಿದೊಡನೆ ಎರಡು ಸಾಲುಗಳು ಸಿಕ್ಕವು:

```
Texture minecraft:block/deepslate_bricks with size 99x99 limits mip level from 4 to 0
minecraft:textures/atlas/blocks.png: dropping miplevel from 4 to 0, because of minimum power of two: 1
```

ಊರೆಲ್ಲ ಹುಡುಕಿದ ಕಳ್ಳ ನನ್ನ ಮನೆಯ ನೆಲದಲ್ಲೇ ಮಲಗಿದ್ದ.

ಇದರ ಅರ್ಥವನ್ನು ಹುಡುಗ ನನಗೆ ಬಿಡಿಸಿ ಹೇಳಿದ. ದೂರದಲ್ಲಿರುವ ಒಂದು ಕಲ್ಲು ಪರದೆಯ ಮೇಲೆ ನಾಲ್ಕೋ ಐದೋ ಪಿಕ್ಸೆಲ್ಲಿನಷ್ಟೇ ಜಾಗ ಪಡೆಯುತ್ತದೆ, ಆದರೆ ಅದರ ಚಿತ್ರದಲ್ಲಿ 4096 ಪಿಕ್ಸೆಲ್‌ಗಳಿವೆ. ಅವುಗಳಲ್ಲಿ ಯಾವುದನ್ನು ತೋರಿಸುವುದು? ಸುಮ್ಮನೆ ಕೈಗೆ ಸಿಕ್ಕಿದ್ದನ್ನು ತೋರಿಸಿದರೆ, ನಾವು ಕೂದಲೆಳೆಯಷ್ಟು ಸರಿದಾಗ ಬೇರೊಂದು ಕೈಗೆ ಸಿಗುತ್ತದೆ; ಅದೇ ಚಟಪಟ. ಇದನ್ನು ತಪ್ಪಿಸಲು ಆಟವು ಪ್ರತಿ ಚಿತ್ರದ ಚಿಕ್ಕ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಂಡು, ದೂರಕ್ಕೆ ತಕ್ಕ ಪ್ರತಿಯನ್ನು ಬಳಸುತ್ತದೆ. ಪ್ರತಿಯೊಂದು ಹಂತದಲ್ಲೂ ಅಳತೆ ಅರ್ಧವಾಗುತ್ತದೆ: 64, 32, 16, 8, 4. ಅರ್ಧ ಮಾಡಿದ್ದು ನಾಲ್ಕು ಸಲ. ಪಟ್ಟಿಯಲ್ಲಿದ್ದ 4 ಎಂಬುದು ಇದೇ. ಮೂಲದ 16 ಕೂಡ ನಾಲ್ಕು ಸಲ ಅರ್ಧವಾಗಿ 1ಕ್ಕೆ ಬಂದು ನಿಲ್ಲುತ್ತದೆ, ಆದ್ದರಿಂದಲೇ 16ಕ್ಕೂ 64ಕ್ಕೂ ಜಗಳವಿಲ್ಲ. ನನ್ನ ದುಂಡಗಿನ 100 ಮಾತ್ರ 50 ಆಗಿ, 25 ಆಗಿ, ಅಲ್ಲಿಗೆ ಏದುಸಿರು ಬಿಡುತ್ತದೆ. 99 ಒಮ್ಮೆಯೂ ಸರಿಯಾಗಿ ಅರ್ಧವಾಗುವುದಿಲ್ಲ.

"ಹಾಗಿದ್ದರೆ ನೆಲ ಕುದಿಯಬೇಕು, ಬೆಟ್ಟ ಯಾಕೆ ಕುದಿಯಿತು?" ಎಂದು ನಾನು ಪಟ್ಟು ಬಿಡದೆ ಕೇಳಿದೆ. ಉತ್ತರವು ಎರಡನೆಯ ಸಾಲಿನಲ್ಲಿತ್ತು. ಆಟವು ಎಲ್ಲ ಕಲ್ಲು, ಮಣ್ಣು, ಹುಲ್ಲುಗಳ ಚಿತ್ರಗಳನ್ನು ಒಂದೇ ದೊಡ್ಡ ಹಾಳೆಗೆ ಅಂಟಿಸಿಕೊಳ್ಳುತ್ತದೆ, ಕುಗ್ಗಿಸುವಾಗ ಇಡೀ ಹಾಳೆಯನ್ನು ಒಟ್ಟಿಗೆ ಕುಗ್ಗಿಸುತ್ತದೆ. ಆ ಹಾಳೆಯಲ್ಲಿ ಒಬ್ಬನಿಗೆ ಅರ್ಧವಾಗಲು ಬಾರದಿದ್ದರೆ ಉಳಿದವರೂ ಅವನಿಗಾಗಿ ನಿಲ್ಲಬೇಕು. ಅಂದರೆ 100 ಇದ್ದಾಗ ಎರಡು ಹಂತ ಉಳಿದಿದ್ದವು, ಬೆಟ್ಟ ಬರೀ ಜುಮ್ಮೆಂದಿತ್ತು. ಬಿಳಿ ಗೆರೆಯನ್ನು ಕೆತ್ತಿ ಶುಚಿ ಮಾಡಿದ ನಾನೇ ಉಳಿದೆರಡನ್ನೂ ಕಳೆದು ಲೋಕವನ್ನು ಕುದಿಯಲಿಟ್ಟಿದ್ದೆ. ನನ್ನ ಪ್ಯಾಕನ್ನು ಪಟ್ಟಿಯಿಂದ ಒಮ್ಮೆ ಕೆಳಗಿಳಿಸಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆದರೆ ಕನ್ನಡಕವನ್ನು ಶಂಕಿಸುವುದು, ಸ್ವಂತ ಕಲಾಕೃತಿಯನ್ನು ಶಂಕಿಸುವುದಕ್ಕಿಂತ ಸುಲಭ.

ಪರಿಹಾರಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಕೆಟ್ಟ 99ನ್ನೇ ತಿದ್ದುವ ಬದಲು ಮೂಲ ಫೋಟೋಗೆ ಹಿಂದಿರುಗಿ, ಹೊಸದಾಗಿ ಒಂದು ಚೌಕ ಕತ್ತರಿಸಿ, ಅದನ್ನು 64 ಗುಣಿಸು 64ಕ್ಕೆ ಕುಗ್ಗಿಸಿ, ಹಳೆಯ ಹೆಸರಿನಲ್ಲೇ ಉಳಿಸಿದೆ. F3 ಮತ್ತು T ಒತ್ತಿ ಲಾಗಿನಲ್ಲಿ ಮತ್ತೆ ಹುಡುಕಿದರೆ, ಈ ಸಲ ತುಂಬಿಕೊಂಡ ಭಾಗದಲ್ಲಿ ಆ ಎರಡು ಸಾಲುಗಳಿರಲಿಲ್ಲ. ಕಿಟಕಿಯ ಬಳಿ ಹೋಗಿ ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿದೆ. ಬೆಟ್ಟ ನುಣ್ಣಗೆ, ಗಾದೆಗೆ ಒಪ್ಪುವಂತೆ, ಮಿಸುಕದೆ ಕೂತಿತ್ತು.

ಹುಡುಗ ಮಾತ್ರ ಬೆಟ್ಟವನ್ನು ನೋಡಲಿಲ್ಲ. ಅವನು ನನ್ನ ನಡುಮನೆಯ ನೆಲವನ್ನೇ ತದೇಕಚಿತ್ತದಿಂದ ನೋಡುತ್ತಾ, ಪರದೆಯ ಮೇಲೆ ಬೆರಳಿಟ್ಟು ಏನನ್ನೋ ಎಣಿಸುತ್ತಿದ್ದ. ಅವಸರದಲ್ಲಿ ಕತ್ತರಿಸಿದ ಹೊಸ ಚೌಕದ ಮೂಲೆಯಲ್ಲಿ, ಫೋನ್ ಹಿಡಿದಿದ್ದ ನನ್ನ ಹೆಬ್ಬೆರಳಿನ ತುದಿ ಉಗುರಿನ ಸಮೇತ ಸೇರಿಕೊಂಡಿತ್ತು. ನೆಲದ ಅಗಲ ಇಪ್ಪತ್ತು ಕಲ್ಲು, ಉದ್ದ ಇಪ್ಪತ್ತು ಕಲ್ಲು.

"ನಾನೂರು, ಮಾಮ," ಎಂದ ಅವನು.