ಗುತ್ತಿಗೆ ಕೆಲಸ ಮುಂದುವರಿಯುವ ಸಾಧ್ಯತೆಯನ್ನು ಮೊದಲ ಸಂದೇಶದಲ್ಲೇ ಹೇಳಬೇಕೇ?

ಪರ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಉಗ್ರಾಣಕ್ಕೆ ಲೆಕ್ಕ ಬರೆಯುವವರನ್ನು ಹುಡುಕುವಾಗ ನಾನು ಅಭ್ಯರ್ಥಿಗಳಿಗೆ ಹೀಗೆ ಬರೆದಿದ್ದೆ: “ಇದು 11 ತಿಂಗಳ ಗುತ್ತಿಗೆ ಕೆಲಸ, ಕಾಯಂ ಅಲ್ಲ. ಕಳೆದ ಸಲ ಸೇರಿದ ಆರು ಜನರಲ್ಲಿ ಇಬ್ಬರ ಗುತ್ತಿಗೆ ಮಾತ್ರ ಮುಂದುವರಿದಿದೆ. ಸಂಬಳ 20,000 ರೂಪಾಯಿ, ಅದರಲ್ಲಿ ಮೂಲವೇತನ 12,000. ಪಿಎಫ್ 1,440, ಇಎಸ್‌ಐ 150 ಕಡಿತವಾಗಿ ಕೈಗೆ 18,410 ಬರುತ್ತದೆ. ಗ್ರಾಚ್ಯುಟಿ ಇಲ್ಲ.”

ಮಾಲೀಕರು ಕಟ್ಟುವ ಪಿಎಫ್ ಮತ್ತು ಇಎಸ್‌ಐ ಪಾಲನ್ನೂ ಕೂಡಿಸಿ 22,090 ಎಂದು ಬರೆಯಬಹುದಿತ್ತು. ಹಾಗೆ ಬರೆದಿದ್ದರೆ ಮೊದಲ ತಿಂಗಳ ಸಂಬಳದ ದಿನವೇ ನನ್ನ ಮಾತಿನ ಮೇಲಿನ ನಂಬಿಕೆ ಹೋಗುತ್ತಿತ್ತು. ಗ್ರಾಚ್ಯುಟಿಯ ಸಾಲನ್ನು ಬೇಕೆಂದೇ ಸೇರಿಸಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆ ಮುಗಿಸಿದರೆ ಸಾಕು. ಈ ಗುತ್ತಿಗೆ 12 ತಿಂಗಳಿನದಾಗಿದ್ದರೆ ಮೂಲವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ಬರುವ ಸುಮಾರು 6,923 ರೂಪಾಯಿ ಆ ನೌಕರರ ಕೈ ಸೇರುತ್ತಿತ್ತು. ಒಂದು ತಿಂಗಳು ಕಡಿಮೆಯಾದದ್ದರಿಂದ ಅದು ತಪ್ಪುತ್ತದೆ. ಅವಧಿಯನ್ನು 12 ತಿಂಗಳು ಮಾಡಿರೆಂದು ನಾನು ಕೇಳಿಕೊಂಡೆ, ಕಾರ್ಖಾನೆಯವರು ಒಪ್ಪಲಿಲ್ಲ. ಒಪ್ಪದಿದ್ದ ಮೇಲೆ ಅಭ್ಯರ್ಥಿಗೆ ತಿಳಿಸುವುದಾದರೂ ನನ್ನ ಕರ್ತವ್ಯವೆಂದು ಭಾವಿಸಿದೆ.

ಸಂದೇಶ ಓದಿ ಗದಗಿನ ಯುವಕನೊಬ್ಬ ಫೋನ್ ಮಾಡಿದ. “ಆರರಾಗ ಇಬ್ರು ಅಂದ್ರ ನಾ ರೂಮ್ ಮಾಡೂದಿಲ್ರೀ, ದಿನಾ ಟ್ರೇನಿಗೇ ಬರ್ತೀನಿ” ಎಂದ. ಅಡ್ವಾನ್ಸ್ ಕೊಟ್ಟು ಕೋಣೆ ಹಿಡಿದ ಮೇಲೆ ಈ ಲೆಕ್ಕ ತಿಳಿದಿದ್ದರೆ ಅವನಿಗೆ ಉಪಯೋಗವೇನಿತ್ತು?

ವಿರೋಧ

ಅವಧಿ, ಕೈಗೆ ಬರುವ ಸಂಬಳ, ಗ್ರಾಚ್ಯುಟಿ ಇಲ್ಲವೆಂಬ ಮಾತು ಇವೆಲ್ಲವನ್ನೂ ಮೊದಲೇ ಹೇಳಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಏಕೆಂದರೆ ಇವು ನೇಮಕಾತಿ ಪತ್ರದಲ್ಲಿ ಬರೆದಿರುವ ಸಂಗತಿಗಳು. ಗುತ್ತಿಗೆ ಮುಂದುವರಿಯುವ ಸಾಧ್ಯತೆ ಹಾಗಲ್ಲ. ಅದು ಹತ್ತನೆಯ ತಿಂಗಳಲ್ಲಿ ಕಾರ್ಖಾನೆಗೆ ಎಷ್ಟು ಆರ್ಡರ್ ಇದೆ ಎಂಬುದರ ಮೇಲೆ ನಿಲ್ಲುತ್ತದೆ.

ಧಾರವಾಡದಲ್ಲಿ ನಾನು ನೇಮಕ ಮಾಡಿದ ಐವರಲ್ಲಿ ಒಮ್ಮೆ ಒಬ್ಬರೇ ಮುಂದುವರಿದರು. ಕೇಳಿದವರಿಗೆ ಭಯವಾಗುತ್ತದೆ, ಆದರೆ ಉಳಿದ ನಾಲ್ವರಲ್ಲಿ ಮೂವರು ಬೇರೆ ಕೆಲಸ ಸಿಕ್ಕಿ ತಾವಾಗಿಯೇ ಬಿಟ್ಟಿದ್ದರು. ಇಷ್ಟು ಸಣ್ಣ ಲೆಕ್ಕದಿಂದ ಮುಂದಿನವರ ಭವಿಷ್ಯ ಹೇಳುವುದು ಸರಿಯಲ್ಲ.

ಒಳ್ಳೆಯ ಲೆಕ್ಕವೂ ಅಷ್ಟೇ ಅಪಾಯಕಾರಿ. “ಮುಂದುವರಿಯುವ ಸಾಧ್ಯತೆ ಹೆಚ್ಚು” ಎಂದು ನನ್ನ ಸಹೋದ್ಯೋಗಿ ಬರೆದಿದ್ದ ವಾಟ್ಸಾಪ್ ಸಂದೇಶವನ್ನು ಹೆಣ್ಣುಮಗಳೊಬ್ಬಳು ಹನ್ನೊಂದು ತಿಂಗಳು ಜೋಪಾನವಾಗಿ ಇಟ್ಟುಕೊಂಡು, ಕೊನೆಯ ವಾರ ನನ್ನ ಮುಂದೆ ಹಿಡಿದಳು. ಒಪ್ಪಿದ ಅವಧಿ ಮುಗಿದು ಕೆಲಸ ನಿಂತರೆ ಕಾನೂನು ಅದನ್ನು ಕೆಲಸದಿಂದ ತೆಗೆದದ್ದೆಂದು ಎಣಿಸುವುದೂ ಇಲ್ಲ, ಅದಕ್ಕೆ ಪರಿಹಾರ ಕೊಡಿಸುವುದೂ ಇಲ್ಲ. ಆ ಸಂದೇಶದಿಂದ ಅವಳಿಗೆ ಯಾವ ಹಕ್ಕೂ ಹುಟ್ಟಿರಲಿಲ್ಲ, ಆದರೆ ಅದನ್ನು ನಂಬಿ ಅವಳು ಬೇರೆಲ್ಲೂ ಅರ್ಜಿ ಹಾಕಿರಲಿಲ್ಲ.

ಆದ್ದರಿಂದ ನಾನೀಗ ಬರೆಯುವುದು ಇಷ್ಟು: “ಗುತ್ತಿಗೆ ತಾನಾಗಿ ಮುಂದುವರಿಯುವುದಿಲ್ಲ. ಹತ್ತನೆಯ ತಿಂಗಳ ಕೊನೆಯೊಳಗೆ ಕಾರ್ಖಾನೆಯ ವ್ಯವಸ್ಥಾಪಕರು ನಿರ್ಧರಿಸಿ ಲಿಖಿತವಾಗಿ ತಿಳಿಸುತ್ತಾರೆ. ಅಲ್ಲಿಯವರೆಗೆ ಬೇರೆ ಕೆಲಸ ಹುಡುಕಲು ನಮ್ಮ ಅಡ್ಡಿಯಿಲ್ಲ.”