ಒದ್ದೆ ತಲೆಯ ಕೊಂಬು

ನನ್ನ ಆಫೀಸಿನ ಗುರುತಿನ ಚೀಟಿಯಲ್ಲಿ ನನಗೊಂದು ಕೊಂಬಿದೆ. ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಬಾಗಿದೆ. ನೋಡಿದವರೆಲ್ಲ ಮೊದಲು ಫೋಟೋ ನೋಡುತ್ತಾರೆ, ಆಮೇಲೆ ನನ್ನ ತಲೆ ನೋಡುತ್ತಾರೆ, ಆಮೇಲೆ ಸುಮ್ನೆ ಬಾಗಿಲು ತೆಗೆಯುತ್ತಾರೆ.

ಅದು ಹುಟ್ಟಿದ್ದು ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ. ಬೆಳಗ್ಗೆ ಫೋಟೋ ತೆಗೆಯುತ್ತಾರೆ, ರಾತ್ರಿಯೇ ತಲೆಗೆ ಸ್ನಾನ ಮಾಡಿಬಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಟವೆಲ್ಲಿನಲ್ಲಿ ಎರಡು ಸಲ ಉಜ್ಜಿ ಹಾಸಿಗೆಗೆ ಬಿದ್ದೆ.

“ಒದ್ದೆ ತಲೇಲಿ ಮಲಗ್ಬೇಡ್ವೇ, ಶೀತ ಆಗತ್ತೆ” ಎಂದರು ಅಮ್ಮ.

“ತಾನಾಗೇ ಒಣಗೋದು ಕೂದಲಿಗೆ ಒಳ್ಳೇದಮ್ಮಾ” ಎಂದು ಗೋಡೆ ಕಡೆ ತಿರುಗಿದೆ. ಎಡಗಡೆಗೆ. ಅಲ್ಲೇ ಎಡವಟ್ಟಾಗಿದ್ದು.

ಕೂದಲಿನ ಆಕಾರ ಹಿಡಿದಿಡುವ ಸಣ್ಣ ಕೊಂಡಿಗಳಲ್ಲಿ ಒಂದು ಬಗೆಯವು ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ. ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಹೈಡ್ರೋಜನ್ ಬಂಧ ಎಂದು ಅವಕ್ಕೆ ಹೆಸರು. ಒಣಗುವ ಹೊತ್ತಿಗೆ ಕೂದಲು ಹೇಗೆ ಬಿದ್ದಿರುತ್ತದೋ ಹಾಗೇ ಗಟ್ಟಿಯಾಗುತ್ತದೆ. ನನ್ನದು ಕಿವಿಗೂ ದಿಂಬಿಗೂ ನಡುವೆ ಮಡಚಿಕೊಂಡು ಬಿದ್ದಿತ್ತು. ಬೆಳಗ್ಗೆ ಏಳುವಾಗ ಇಸ್ತ್ರಿ ಹಾಕಿದಂಥ ಮಡಿಕೆ! ಬಾಚಿದೆ, ಎದ್ದಿತು. ಎಣ್ಣೆ ಸವರಿದೆ, ಹೊಳೆಯುತ್ತಾ ಎದ್ದಿತು.

ಆ ಜಾಗವನ್ನು ಚೆನ್ನಾಗಿ ನೆನೆಸಿ, ನೇರ ಹಿಡಿದು ನಿಧಾನಕ್ಕೆ ಒಣಗಿಸಿದ್ದರೆ ಕೊಂಡಿ ಬಿಚ್ಚಿ ಸರಿಹೋಗುತ್ತಿತ್ತು. ನನಗೆ ಪುರುಸೊತ್ತೆಲ್ಲಿ? ಒಂದು ಬೊಗಸೆ ನೀರು ಚಿಮುಕಿಸಿ, ಹೇರ್ ಡ್ರೈಯರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿವಿಯಿಂದ ಎರಡು ಬೆರಳು ದೂರದಲ್ಲಿ ಹಿಡಿದೆ. ‘ಚುಸ್ಸ್’ ಎಂದಿತು. ಸುಟ್ಟ ವಾಸನೆ ಬಂತು. ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದರೆ, ಡ್ರೈಯರಿನ ಬೆನ್ನಲ್ಲಿ ಗಾಳಿ ಒಳಗೆಳೆಯುವ ಜಾಲರಿ ಇರುತ್ತದಲ್ಲ, ಅದು ಬಲಗಡೆಯ ಜೊಂಪೆಯನ್ನು ಗಬಕ್ಕನೆ ನುಂಗಿತು. ನಮ್ಮವರು ಪ್ಲಗ್ ಕಿತ್ತು ಕತ್ತರಿ ತಂದರು. “ಎಷ್ಟು ಕತ್ತರಿಸ್ಲಿ?” ಎಂದು ಕೇಳುವಾಗ ಅವರ ಮುಖದಲ್ಲಿ ಅಷ್ಟು ಖುಷಿ ಇರಬಾರದಿತ್ತು.

ಆ ‘ಚುಸ್ಸ್’ ಸದ್ದು ಕೂದಲ ಮೇಲಿನ ನೀರಿನದು ಮಾತ್ರ ಆಗಿದ್ದರೆ ಪರವಾಗಿಲ್ಲ. ನೆನೆದ ಕೂದಲು ಒಳಗೂ ನೀರು ಕುಡಿದು ಊದಿಕೊಂಡಿರುತ್ತದೆ. ಬಿಸಿ ವಿಪರೀತವಾದರೆ ಆ ನೀರು ಒಳಗೇ ಆವಿಯಾಗಿ ಗುಳ್ಳೆ ಮಾಡುತ್ತದೆ. ಚರ್ಮವೈದ್ಯರು ಇದನ್ನು ‘ಬಬಲ್ ಹೇರ್’ ಎನ್ನುತ್ತಾರೆ. ಗುಳ್ಳೆಯಾದ ಕಡೆ ಎಳೆ ಪೊಳ್ಳಾಗುತ್ತದೆ, ಬಾಚಿದರೆ ಅಲ್ಲೇ ತುಂಡಾಗುತ್ತದೆ. ಗುಳ್ಳೆ ಕಾಣಬೇಕಾದರೆ ಮೈಕ್ರೋಸ್ಕೋಪ್ ಬೇಕು. ಬೆರಳಿಗೆ ಮಾತ್ರ ತಿಳಿಯುತ್ತದೆ: ಉಳಿದ ಕೂದಲು ನಯವಾಗಿದ್ದು ಆ ಒಂದು ಜಾಗ ಮಾತ್ರ ಒರಟಾಗಿ, ಮುಟ್ಟಿದರೆ ಮುರಿಯುವ ಹಾಗಿರುತ್ತದೆ. ನನ್ನ ಕಿವಿಯ ಹತ್ತಿರ ಒಂದು ಹಿಡಿಯಷ್ಟು ಹಾಗಿತ್ತು.

ಇನ್ನು ಡ್ರೈಯರ್ ಸಹವಾಸವೇ ಬೇಡ, ತಾನಾಗೇ ಒಣಗಲಿ ಎಂದು ಶಪಥ ಮಾಡಿದೆ. ಆ ಶಪಥವೂ ಬಹಳ ದಿನ ಬಾಳಲಿಲ್ಲ. 2011ರಲ್ಲಿ ಕೊರಿಯಾದ ಚರ್ಮವೈದ್ಯರು ಮಾಡಿದ ಒಂದು ಪ್ರಯೋಗ ಓದಿದೆ. ಕೂದಲಿನ ಕಟ್ಟುಗಳನ್ನು 30 ಸಲ ಶಾಂಪೂ ಹಾಕಿ ತೊಳೆದು, ಬೇರೆ ಬೇರೆ ಥರ ಒಣಗಿಸಿ ನೋಡಿದ್ದರು. ಡ್ರೈಯರನ್ನು 5 ಸೆಂ.ಮೀ. ಹತ್ತಿರ ಹಿಡಿದರೆ ಬಿಸಿ 95 ಡಿಗ್ರಿ, 15 ಸೆಂ.ಮೀ. ದೂರ ಹಿಡಿದರೆ 47 ಡಿಗ್ರಿ. ಹತ್ತಿರ ಬಂದಷ್ಟೂ ಕೂದಲಿನ ಹೊರಮೈ ಹಾಳು. ಇದು ನನ್ನ ಕಿವಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಕೂದಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಪದರಗಳಿರುತ್ತವೆ. ಅವನ್ನು ಹಿಡಿದಿಡುವ ಅಂಟಿನಂಥ ಭಾಗ ಕೆಟ್ಟಿದ್ದು ತಾನಾಗೇ ಒಣಗಿದ ಕಟ್ಟಿನಲ್ಲಿ ಮಾತ್ರ! ಅದು ಒಣಗಲು ಎರಡು ಗಂಟೆಗಿಂತ ಜಾಸ್ತಿ ಹಿಡಿದಿತ್ತು. ಅಷ್ಟು ಹೊತ್ತು ನೀರಲ್ಲೇ ಇದ್ದದ್ದೇ ಕಾರಣ ಇರಬಹುದು ಎಂಬುದು ಅವರ ಊಹೆ. 15 ಸೆಂ.ಮೀ. ದೂರದಿಂದ, ಕೈ ನಿಲ್ಲಿಸದೆ ಆಡಿಸುತ್ತಾ ಒಣಗಿಸಿದರೆ ತಾನಾಗೇ ಒಣಗಿಸುವುದಕ್ಕಿಂತ ಕಮ್ಮಿ ಹಾನಿ ಎಂದು ಹೇಳಿಬಿಟ್ಟರು.

ಅವು ಕತ್ತರಿಸಿದ ಕೂದಲು, ಕೆಳಗೆ ತಲೆ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಗಿಡ್ಡ ಕೂದಲಿನವರಿಗೆ ಇದೆಲ್ಲ ತಲೆನೋವೇ ಅಲ್ಲ, ಹತ್ತು ನಿಮಿಷಕ್ಕೆ ಒಣಗುತ್ತದೆ. ನಮ್ಮವರಿಗಂತೂ ಒಂದು ಸಲ ತಲೆ ಕೊಡವಿದರೆ ಸಾಕು. ನನ್ನ ಸೊಂಟದುದ್ದದ ಕೂದಲು ದಿಂಬಿನ ಮೇಲೆ ಬೆಳಗಿನ ತನಕ ತೇವ ಬಿಡುವುದಿಲ್ಲ.

ಶೀತದ ವಿಷಯಕ್ಕೆ ಬರೋಣ. ಫೋಟೋ ಆಗಿ ನಾಲ್ಕನೇ ದಿನ ನಾನು ಸೀನಿದೆ. ಅಮ್ಮ ಆ ಸೀನಿಗಾಗಿಯೇ ಕಾಯುತ್ತಿದ್ದರು.

“ಅಮ್ಮಾ, ನೆಗಡಿ ಬರೋದು ವೈರಸ್‌ನಿಂದ. ಹೋದ ವಾರ ಮಗಳು ಸ್ಕೂಲಿಂದ ತಂದಿದ್ದು.”

“ಅವಳು ತಲೆ ಒರೆಸ್ಕೊಂಡು ಮಲಗಿದ್ಲು, ಎರಡೇ ದಿನಕ್ಕೆ ಹೋಯ್ತು” ಎಂದರು. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಒದ್ದೆ ತಲೆಯಲ್ಲಿ ಹೊರಗೆ ಹೋದರೆ ಚಳಿಯಾಗುತ್ತದೆ, ನಿಜ. ಆದರೆ ವೈರಸ್ ತಗುಲದೆ ನೀರೊಂದೇ ನೆಗಡಿ ತರುವುದಿಲ್ಲ. ಹೊರಗೆ ಹೋಗುವಾಗ ನಾನು ಮಾಡುತ್ತಿದ್ದ ನಿಜವಾದ ತಪ್ಪು, ಒದ್ದೆ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು ಕಟ್ಟುತ್ತಿದ್ದದ್ದು. ನೆನೆದ ಎಳೆ ಜಾಸ್ತಿ ಹಿಗ್ಗುತ್ತದೆ, ಸುಲಭವಾಗಿ ತುಂಡಾಗುತ್ತದೆ.

ದಿಂಬಿನ ಮೇಲೆ ಕೂದಲು ಕಂಡಾಗೆಲ್ಲ ಬೇರು ಕೊಳೆಯಿತೆಂದು ಹೆದರುತ್ತಿದ್ದೆ. ಒಂದು ಬೆಳಗ್ಗೆ ಒಂಬತ್ತು ಎಳೆ ಆರಿಸಿ, ಕಪ್ಪು ಬಟ್ಟೆಯ ಮೇಲಿಟ್ಟು, ಮೊಬೈಲಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಮೂರರ ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇತ್ತು. ಅವು ಆಯಸ್ಸು ಮುಗಿಸಿ ಬೇರಿನಿಂದ ಉದುರಿದವು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಮಾಮೂಲು. ಉಳಿದ ಆರು ಗಿಡ್ಡ ತುಂಡುಗಳು, ಗುಂಡು ಇಲ್ಲ. ಅವು ಮುರಿದವು, ಒದ್ದೆಯಲ್ಲಿ ದಿಂಬಿಗೆ ಉಜ್ಜಿ. ಬೇರು ಚರ್ಮದ ಒಳಗೆ ಹುಗಿದುಕೊಂಡಿರುತ್ತದೆ. ಮೇಲಿನ ನೀರಿಗೆ ಅದು ಸಡಿಲವಾಗುವುದಿಲ್ಲ.

ನೆತ್ತಿಯ ಮಾತು ಸ್ವಲ್ಪ ಬೇರೆ. ಮಲಸೇಜಿಯಾ ಎಂಬ ಶಿಲೀಂಧ್ರ ನಮ್ಮೆಲ್ಲರ ತಲೆಯಲ್ಲೂ ಇರುತ್ತದೆ, ಅಲ್ಲಿನ ಜಿಡ್ಡು ತಿಂದುಕೊಂಡು. ಬೆಚ್ಚಗೆ ತೇವ ಇದ್ದರೆ ಅದಕ್ಕೆ ಸುಖ. ಒಂದು ರಾತ್ರಿ ಒದ್ದೆಯಲ್ಲಿ ಮಲಗಿದರೆ ಹೊಟ್ಟು ಹುಟ್ಟುವುದಿಲ್ಲ. ಆದರೆ ಮೊದಲೇ ಹೊಟ್ಟು, ತುರಿಕೆ ಇರುವವರು ದಿನಾ ಹಾಗೆ ಮಲಗುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ನಾನು ಟವೆಲ್ಲಿನಲ್ಲಿ ಉಜ್ಜುವುದಿಲ್ಲ, ಒತ್ತುತ್ತೇನೆ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಆಮೇಲೆ ಡ್ರೈಯರ್, ಕಮ್ಮಿ ಬಿಸಿ, ಮೊದಲು ಬುಡಕ್ಕೆ. ದೂರ ಅಳೆಯಲು ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹೇಳಿ ಮಾಡಿಸಿದ ಹಾಗಿದೆ: ಸರಿಯಾಗಿ 15 ಸೆಂ.ಮೀ. ಮೊದಲ ವಾರ ಅದನ್ನು ಡ್ರೈಯರಿನ ಮೂತಿಗೆ ಟೇಪ್ ಹಚ್ಚಿ ಅಂಟಿಸಿಕೊಂಡಿದ್ದೆ. ಬಿಸಿಗೆ ಪ್ಲಾಸ್ಟಿಕ್ ಬಾಗಿತು.

ಮರುದಿನ ಗಣಿತದ ಪರೀಕ್ಷೆ. ಮಗಳು ಎಳೆದ ತ್ರಿಕೋನದ ಒಂದು ಬದಿ ಮಾತ್ರ ನನ್ನ ಕೊಂಬಿನ ಹಾಗೇ ಬಾಗಿತ್ತಂತೆ.